ಸಂಕ್ರಾಂತಿಗೆ ನಮ್ಮ ಸಿಹಿ ಅಂಗಡಿಯ ವಿಡಿಯೋ: "ಎಳ್ಳು ಬೆಲ್ಲ ತಿಂದು" ಬಿಟ್ಟು ಬೇರೆ ಏನು ಹೇಳಬಹುದು?

ಕೊಬ್ಬರಿ ಊರಿನವ

ಎಲ್ಲರಿಗೂ ನಮಸ್ಕಾರ. ತಿಪಟೂರಿನಲ್ಲಿ ನಮ್ಮದೊಂದು ಚಿಕ್ಕ ಸಿಹಿ ಅಂಗಡಿ ಇದೆ. ತಾತ ಶುರು ಮಾಡಿದ್ದು, ಈಗ ಅಪ್ಪ ನಡೆಸುತ್ತಿದ್ದಾರೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಹಬ್ಬದ ಸಮಯಕ್ಕೆ ಹೋಗಿ ಕೈ ಜೋಡಿಸುತ್ತೇನೆ. ಸಂಕ್ರಾಂತಿಗೆ ಎಳ್ಳು ಬೆಲ್ಲ, ಸಕ್ಕರೆ ಅಚ್ಚು ನಾವೇ ಮಾಡಿ ಮಾರುತ್ತೇವೆ. ಈ ಸಲ ಗಿರಾಕಿಗಳ ವಾಟ್ಸಾಪ್‌ಗೆ 45 ಸೆಕೆಂಡಿನ ಒಂದು ವಿಡಿಯೋ ಕಳಿಸಬೇಕು ಅಂತಿದೆ. ನಾನು ಬರೆದಿರುವುದು ಇದು:

"ನಾಡಿನ ಸಮಸ್ತ ಜನತೆಗೆ ಮಕರ ಸಂಕ್ರಾಂತಿಯ ಹಾರ್ದಿಕ ಶುಭಾಶಯಗಳು. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡೋಣ. ಈ ಸಂಕ್ರಾಂತಿ ನಿಮ್ಮ ಬಾಳಿನಲ್ಲಿ ಹೊಸ ಬೆಳಕು ತರಲಿ. ರುಚಿ, ಶುಚಿಗೆ ಹೆಸರಾದ ನಮ್ಮ ಅಂಗಡಿಗೆ ಒಮ್ಮೆ ಭೇಟಿ ಕೊಡಿ."

ತಂಗಿ ಓದಿ, "ಇದರಲ್ಲಿ ನಮ್ಮ ಅಂಗಡಿ ಎಲ್ಲಿದೆ? ಬಸ್‌ಸ್ಟ್ಯಾಂಡ್ ಫ್ಲೆಕ್ಸಿಗೂ ಇದಕ್ಕೂ ಏನು ವ್ಯತ್ಯಾಸ?" ಅಂದಳು. ಅವಳು ಹೇಳಿದ್ದು ಸರಿ. ಮನೆಯ ಒಂದು ನೆನಪು ಹೇಳು ಅಂತಾಳೆ. ಯಾವ ನೆನಪು, ಹೇಗೆ ಹೇಳುವುದು ಗೊತ್ತಾಗುತ್ತಿಲ್ಲ. ಅನುಭವ ಇರುವವರು ಸಹಾಯ ಮಾಡಿ.

ಶುಭೋದಯ ಸುರೇಶ

ಸಂಕ್ರಾಂತಿ ಸಂದೇಶ ಬೇಕಾ? ನನ್ನ ಹತ್ತಿರ ಚೆನ್ನಾಗಿರೋದು ಇದೆ, ತಗೊಳ್ಳಿ. "ಎಳ್ಳಿನಂತೆ ಸ್ನೇಹ, ಬೆಲ್ಲದಂತೆ ಮಾತು, ಕಬ್ಬಿನಂತೆ ಬಾಳು ಸಿಹಿಯಾಗಲಿ." ಹಿಂದೆ ಗಾಳಿಪಟದ ಚಿತ್ರ ಹಾಕಿ.

ಕೊಬ್ಬರಿ ಊರಿನವ

ಧನ್ಯವಾದ ಸರ್. ಆದರೆ ಸಂದೇಶ ಅಲ್ಲ, ನಮ್ಮ ಮನೆಯದೇ ಒಂದು ಕಥೆ ಹುಡುಕುತ್ತಿದ್ದೇನೆ.

ಪ್ರಚಾರ ಪ್ರಸನ್ನ

ಸಿಂಪಲ್. ಅಜ್ಜಿಯ ಹಳೇ ಕಪ್ಪು ಬಿಳುಪು ಫೋಟೋ ಹಾಕಿ, ಹಿಂದೆ ಮೆಲ್ಲಗೆ ವೀಣೆ. "ಅಜ್ಜಿಯ ಕೈರುಚಿ, ಮೂರು ತಲೆಮಾರಿನ ನಂಬಿಕೆ." ಜನರಿಗೆ ಭಾವನೆ ಬೇಕು. ಮಾತು ಕಡಿಮೆ ಇರಲಿ, ಪರದೆ ಮೇಲೆ ಅಕ್ಷರ ಕಡ್ಡಾಯ ಇರಲಿ, ಯಾಕೆಂದರೆ ಬಹಳ ಜನ ದನಿ ಆರಿಸಿಯೇ ನೋಡುತ್ತಾರೆ. ಹಬ್ಬದ ದಿನ ಬೆಳಿಗ್ಗೆ 6ಕ್ಕೆ ಕಳಿಸಿ.

ಮಲೆನಾಡಿನವಳು

ಫೋಟೋ ವಿಷಯದಲ್ಲಿ ಜೋಪಾನ. ನಮ್ಮೂರಿನ ಒಂದು ಬೇಕರಿಯವರು ಹೋದ ವರ್ಷ ಹೀಗೇ ಮಾಡಿದ್ದರು. ಅಜ್ಜಿ ಫೋಟೋ, ಹಿಂದೆ ವೀಣೆ, ಕೆಳಗೆ ಅಜ್ಜಿಯ ಹೆಸರು. ಜನ ಅದನ್ನು ಶ್ರದ್ಧಾಂಜಲಿ ಅಂದುಕೊಂಡರು! ನಮ್ಮ ಅತ್ತೆ ಫೋನ್ ಮಾಡಿ "ಯಾವಾಗ ಹೋದರು?" ಅಂತ ಕೇಳಿಯೇಬಿಟ್ಟರು. ಅಜ್ಜಿ ಒಳಗೆ ಕೂತು ಹೂ ಕಟ್ಟುತ್ತಿದ್ದರು.

ರೇಡಿಯೋ ಮೇಷ್ಟ್ರು

ನಾನು ಬಹಳ ವರ್ಷ ರೇಡಿಯೋಗೆ ಚಿಕ್ಕ ಚಿಕ್ಕ ಜಾಹೀರಾತು ಬರೆದವನು. ಪ್ರಸನ್ನ ಅವರು ಪರದೆ ಮೇಲಿನ ಅಕ್ಷರದ ಬಗ್ಗೆ ಹೇಳಿದ್ದು ಪೂರ್ತಿ ಸರಿ. ಆದರೆ "ಅಜ್ಜಿಯ ಕೈರುಚಿ" ಅನ್ನುವುದು "ಹಾರ್ದಿಕ ಶುಭಾಶಯ"ದಷ್ಟೇ ಸವೆದಿದೆ. ಅದು ನೆನಪಲ್ಲ, ನೆನಪಿನ ಮೇಲೆ ಅಂಟಿಸಿದ ಚೀಟಿ. ಯಾರ ಅಜ್ಜಿ, ಏನು ಮಾಡಿದರು, ಏನು ಅಂದರು, ಇದು ಯಾವುದೂ ಅದರಲ್ಲಿಲ್ಲ.

ಪರೀಕ್ಷೆ ಸುಲಭ. ನೀವು ಬರೆದ ಸಾಲಿನಲ್ಲಿ ಅಂಗಡಿ ಹೆಸರು ತೆಗೆದು ಎದುರಿನ ಅಂಗಡಿ ಹೆಸರು ಹಾಕಿ. ಆಗಲೂ ಸಾಲು ಸರಿಯಾಗಿಯೇ ಇದ್ದರೆ ಆ ಸಾಲು ಬೇಡ. ನಿಮ್ಮ ಮೊದಲ ಬರಹದಲ್ಲಿ ಒಂದು ಸಾಲೂ ಉಳಿಯುವುದಿಲ್ಲ.

ಈಗ ನಿಮ್ಮ ಮನೆಯವರನ್ನು ಕೇಳಬೇಕು. "ಹಳೇ ನೆನಪು ಹೇಳಿ" ಅಂದರೆ ಎಲ್ಲರೂ "ಆಗಿನ ಕಾಲವೇ ಬೇರೆ" ಅನ್ನುತ್ತಾರೆ, ಮುಂದಕ್ಕೆ ಹೋಗುವುದಿಲ್ಲ. ವಸ್ತುವಿನಿಂದ ಶುರು ಮಾಡಿ. ಸಂಕ್ರಾಂತಿಗೆ ಬಳಸುತ್ತಿದ್ದ ಯಾವ ಪಾತ್ರೆ, ಯಾವ ಅಚ್ಚು ಈಗಲೂ ಮನೆಯಲ್ಲಿದೆ? ಯಾವುದು ಕೆಟ್ಟಿತ್ತು, ಯಾರು ಕೆಡಿಸಿದರು? ಏನನ್ನು ಮಾರುತ್ತಿರಲಿಲ್ಲ? ಯಾರಿಗೆ ಬೈಗುಳ ಬಿತ್ತು? ಇಂಥ ಪ್ರಶ್ನೆಗೆ ಜನ ಕೂಡಲೇ ಉತ್ತರ ಕೊಡುತ್ತಾರೆ. 45 ಸೆಕೆಂಡಿಗೆ ಒಂದು ವಸ್ತು, ಒಂದು ಕೆಲಸ, ಯಾರೋ ನಿಜವಾಗಿ ಆಡಿದ ಒಂದು ಮಾತು ಸಾಕು.

ಅಳತೆಯೂ ಹೇಳಿಬಿಡುತ್ತೇನೆ. ಕನ್ನಡವನ್ನು ಆರಾಮಾಗಿ ಮಾತಾಡಿದರೆ ನಿಮಿಷಕ್ಕೆ ನೂರು ಪದದ ಆಸುಪಾಸು ಬರುತ್ತದೆ. ನಿಮಗೆ ಬೇಕಿರುವುದು 60ರಿಂದ 70 ಪದ. ಅದಕ್ಕಿಂತ ಜಾಸ್ತಿ ಬರೆದರೆ ಮಾತಾಡುವವರು ಓಡುತ್ತಾರೆ.

ಕೊಬ್ಬರಿ ಊರಿನವ

ಮೇಷ್ಟ್ರೇ, ಅಪ್ಪನಿಗೆ ಫೋನ್ ಮಾಡಿ ನೀವು ಹೇಳಿದ ಹಾಗೇ ಕೇಳಿದೆ. ಮೂರು ವಿಷಯ ಸಿಕ್ಕಿತು.

ಒಂದು, ತಾತ ಕೊಬ್ಬರಿ ಮಂಡಿಯಿಂದ ತಾವೇ ಆರಿಸಿ ಕೊಬ್ಬರಿ ತರುತ್ತಿದ್ದರು. ಗಿಟುಕನ್ನು ಕಿವಿ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ ನೋಡುತ್ತಿದ್ದರಂತೆ.

ಎರಡು, ಎಳ್ಳಿಗೆ ಹಾಕುವ ಕೊಬ್ಬರಿ, ಬೆಲ್ಲ ಹೆಚ್ಚಲು ಬೀದಿ ಹೆಂಗಸರೆಲ್ಲ ನಮ್ಮ ಜಗುಲಿಯಲ್ಲಿ ಸೇರುತ್ತಿದ್ದರು.

ಮೂರು, ಸಕ್ಕರೆ ಅಚ್ಚಿನ ಮರದ ಮಣೆಯಲ್ಲಿ ಗಿಳಿಯದ್ದು ಒಂದಿತ್ತು. ಅದು ಮುರಿದು ಹೋಗಿ, ಅದರಲ್ಲಿ ಎರೆದ ಗಿಳಿಗೆಲ್ಲ ಕೊಕ್ಕೇ ಇರುತ್ತಿರಲಿಲ್ಲ. ಅಜ್ಜಿ ಆ ಗಿಳಿಗಳನ್ನು ಮಾರದೆ ಬೀದಿ ಮಕ್ಕಳಿಗೆ ಕೊಡುತ್ತಿದ್ದರು. ಅಚ್ಚು ಈಗಲೂ ಅಟ್ಟದ ಮೇಲೆ ಇದೆ.

ಮೂರನ್ನೂ ಸೇರಿಸಿ ಒಂದು ಮಾಡಲಾ?

ರೇಡಿಯೋ ಮೇಷ್ಟ್ರು

ಸೇರಿಸಬೇಡಿ. ಗಿಳಿ ಒಂದೇ ಸಾಕು. ಕೊಬ್ಬರಿ ತಟ್ಟಿ ನೋಡುವುದು ಚೆನ್ನಾಗಿದೆ, ಅದನ್ನು ಮುಂದಿನ ವರ್ಷಕ್ಕೆ ಎತ್ತಿಡಿ. ಜಗುಲಿ ಚಿತ್ರ ಬಹಳ ಮನೆಗಳಲ್ಲಿ ಇತ್ತು. ಕೊಕ್ಕಿಲ್ಲದ ಗಿಳಿ ನಿಮ್ಮ ಮನೆಯಲ್ಲಿ ಮಾತ್ರ ಇತ್ತು.

ಹಾಸನದ ಗಿರಿಜಮ್ಮನ ಸೊಸೆ

ಸಕ್ಕರೆ ಅಚ್ಚು ಅಂದ ಕೂಡಲೇ ಒಳಗೆ ಬಂದೆ. ಹೋದ ವರ್ಷ ನಂದು ಎಲ್ಲಾ ಅಚ್ಚಿಗೇ ಅಂಟಿಕೊಂಡು ಮುರಿದು ಹೋಯಿತು. ಪಾಕ ಸರಿಯಾಗೇ ಇತ್ತು ಅನಿಸುತ್ತೆ. ಯಾರಿಗಾದರೂ ಗೊತ್ತಾ?

ಅಚ್ಚಿನ ಮನೆ

ಮರದ ಅಚ್ಚಾ? ನೆನೆಸಿದ್ದು ಸಾಲದೇ ಹೋಗಿರುತ್ತೆ. ಒಣ ಮರ ಪಾಕದ ನೀರನ್ನು ಹೀರಿಕೊಳ್ಳುತ್ತೆ, ಸಕ್ಕರೆ ಮರಕ್ಕೆ ಕಚ್ಚಿಕೊಳ್ಳುತ್ತೆ. ರಾತ್ರಿಯೇ ನೀರಿಗೆ ಹಾಕಿ, ಬೆಳಿಗ್ಗೆ ನೀರು ಒದರಿ, ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ಬಿಗಿಯಾಗಿ ಕಟ್ಟಿ. ಪಾಕ ಒಂದೇ ಸಲ ಪೂರ್ತಿ ಕಾಯಿಸಬೇಡಿ. ಹಾಲು ಹಾಕಿ ಕೊಳೆ ತೆಗೆದು ಸೋಸಿದ ಪಾಕವನ್ನು ಸ್ವಲ್ಪ ಸ್ವಲ್ಪವೇ ಚಿಕ್ಕ ಬಾಣಲೆಗೆ ಹಾಕಿ ಕಾಯಿಸಿ. ಗಟ್ಟಿಯಾಗಿ ನೊರೆ ಬಂದಾಗ ಇಳಿಸಿ, ಸೌಟಿನಿಂದ ತಿರುವುತ್ತಾ ಇರಿ. ಹಾಲಿನ ಬಣ್ಣಕ್ಕೆ ತಿರುಗಿದ ಕೂಡಲೇ ಎರೆಯಬೇಕು. ಒಂದು ಕ್ಷಣ ತಡವಾದರೆ ಬಾಣಲೆಯಲ್ಲೇ ಹರಳುಗಟ್ಟುತ್ತೆ. ಬೇಗ ಎರೆದರೆ ಒಳಗೆ ಗಟ್ಟಿಯಾಗುವುದೇ ಇಲ್ಲ, ಬಿಚ್ಚಿದಾಗ ಅರ್ಧ ಅರ್ಧ ಕಿತ್ತು ಬರುತ್ತೆ.

ಇನ್ನು ತಿಪಟೂರಿನವರಿಗೆ ಒಂದು ಮಾತು. ನಿಮ್ಮ ಕಥೆಯಲ್ಲಿ ಒಂದು ಕಡೆ ಸರಿಯಿಲ್ಲ. ಅಚ್ಚಿನಲ್ಲಿ ಗಿಳಿ ಅಂದರೆ ಮರದಲ್ಲಿ ಕೊರೆದ ಗುಂಡಿ. ಮರ ಚೆಕ್ಕೆ ಎದ್ದರೆ ಆ ಜಾಗ ದೊಡ್ಡದಾಗುತ್ತೆ, ಸಕ್ಕರೆ ಜಾಸ್ತಿ ತುಂಬುತ್ತೆ. ಕೊಕ್ಕು ದಪ್ಪ ಆಗಬೇಕೇ ಹೊರತು ಇಲ್ಲದಂತೆ ಆಗಬಾರದು. ಅಚ್ಚು ಮುರಿದು ಕೊಕ್ಕು ಹೋಯಿತು ಅಂತ ವಿಡಿಯೋದಲ್ಲಿ ಹೇಳಿದರೆ ಅಚ್ಚು ಎರೆದವರು ಯಾರಾದರೂ ಹಿಡಿದುಬಿಡುತ್ತಾರೆ. ಒಮ್ಮೆ ವಿಚಾರಿಸಿ.

ಪ್ರಚಾರ ಪ್ರಸನ್ನ

ಇಷ್ಟೆಲ್ಲಾ ಯಾರು ನೋಡುತ್ತಾರೆ ಮೇಡಂ? 45 ಸೆಕೆಂಡಿನ ವಿಡಿಯೋ.

ರೇಡಿಯೋ ಮೇಷ್ಟ್ರು

ತಿಪಟೂರಿನಲ್ಲಿ ಸಂಕ್ರಾಂತಿಗೆ ಅಚ್ಚು ಎರೆಯುವ ಮನೆಗಳು ಇನ್ನೂ ಇವೆ. ಅವರೇ ಈ ಅಂಗಡಿಯ ಗಿರಾಕಿಗಳು. ಅವರು ನೋಡುತ್ತಾರೆ. ಅದೂ ಅಲ್ಲದೆ, ಕಾರಣ ಸರಿಯಾಗಿ ಗೊತ್ತಿಲ್ಲ ಅಂದರೆ ನೆನಪಿನ ಅರ್ಧ ಭಾಗ ಇನ್ನೂ ಸಿಕ್ಕಿಲ್ಲ ಅಂತಲೇ ಅರ್ಥ. ಮನೆಯಲ್ಲಿ ಇನ್ನೊಬ್ಬರನ್ನು ಕೇಳಿ. ಅಪ್ಪನ ಅಕ್ಕ ತಂಗಿಯರು ಯಾರಾದರೂ ಇದ್ದಾರಾ?

ಕೊಬ್ಬರಿ ಊರಿನವ

ಮೇಡಂ, ಮೇಷ್ಟ್ರೇ, ನಿಮ್ಮಿಬ್ಬರಿಗೂ ದೊಡ್ಡ ನಮಸ್ಕಾರ!

ಅರಸೀಕೆರೆಯಲ್ಲಿ ಇರುವ ಸೋದರತ್ತೆಗೆ ಫೋನ್ ಮಾಡಿದೆ. ಕೇಳಿದ ತಕ್ಷಣ ನಕ್ಕರು. "ಅದು ತಾನಾಗಿ ಮುರಿಯಲಿಲ್ಲ ಕಣೋ, ನಿಮ್ಮಪ್ಪ ಹಾಳು ಮಾಡಿದ್ದು" ಅಂದರು. ಅಪ್ಪನಿಗೆ ಆಗ ಎಂಟೋ ಒಂಬತ್ತೋ ವರ್ಷ. ಅಚ್ಚಿನ ಕೊಕ್ಕಿನ ಜಾಗದಲ್ಲಿ ಸಕ್ಕರೆ ಚೂರು ಸಿಕ್ಕಿಕೊಂಡಿತ್ತಂತೆ. ಅದನ್ನು ತೆಗೆದು ತಿನ್ನೋಣ ಅಂತ ಕಬ್ಬಿಣದ ಮೊಳೆ ತಗೊಂಡು ಕೆದಕಿದ್ದಾರೆ. ತುದಿ ಸೊಟ್ಟಗೆ, ಒಳಕ್ಕೆ ಆಳವಾಗಿ ಕೊರೆದು ಹೋಗಿದೆ. ಅವತ್ತಿನಿಂದ ಕೊಕ್ಕಿನ ಸಕ್ಕರೆ ಆ ಸೊಟ್ಟ ತೂತಿನೊಳಗೆ ಸಿಕ್ಕಿಕೊಂಡು, ಅಚ್ಚು ಬಿಚ್ಚಿದಾಗ ಪಟ್ ಅಂತ ಮುರಿದು ಒಳಗೇ ಉಳಿಯುತ್ತಿತ್ತು.

ಅಜ್ಜಿ ಹೊಡೆಯಲಿಲ್ಲವಂತೆ. ಅಚ್ಚನ್ನೂ ಬಿಸಾಡಲಿಲ್ಲ. ಕೊಕ್ಕಿಲ್ಲದ ಗಿಳಿಗಳನ್ನೆಲ್ಲ ಬೇರೆ ತಟ್ಟೆಗೆ ಹಾಕಿ, "ಇದು ಮಾರೋದಲ್ಲ, ಇದು ನಮ್ಮ ಬೀದಿದು" ಅನ್ನುತ್ತಿದ್ದರು. ಆ ತಟ್ಟೆ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಇರುತ್ತಿತ್ತು. ಅಜ್ಜಿ ಹೋದ ಮೇಲೆ ಆ ಅಚ್ಚಿನಲ್ಲಿ ಯಾರೂ ಎರೆದಿಲ್ಲ.

ಅಪ್ಪನಿಗೆ ಮತ್ತೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮತ್ತೆಗೆ ಇದೆಲ್ಲಾ ನೆನಪಿರುತ್ತೆ" ಅಂದರು.

ಅಚ್ಚಿನ ಮನೆ

ಹಾಂ, ಈಗ ಸರಿ ಹೋಯಿತು. ಹಾಗೇ ಆಗೋದು. ಗುಂಡಿ ಒಳಕ್ಕೆ ಬಾಗಿದರೆ ಸಕ್ಕರೆ ಬಿಡಲ್ಲ.

ರೇಡಿಯೋ ಮೇಷ್ಟ್ರು

ನಿಮ್ಮ ವಿಡಿಯೋ ಸಿಕ್ಕಿತು. ಇದನ್ನು ನೀವು ಹೇಳಬೇಡಿ. ಅಪ್ಪನೇ ಅಚ್ಚು ಕೈಯಲ್ಲಿ ಹಿಡಿದು ಹೇಳಲಿ. ಮೊದಲ ಸಾಲು ಶುಭಾಶಯ ಆಗಬಾರದು, "ಈ ಗಿಳಿ ಕೊಕ್ಕು ಹಾಳು ಮಾಡಿದ್ದು ನಾನೇ" ಅಂತ ಆಗಬೇಕು. ಅರವತ್ತು ದಾಟಿದವರು ಹಾಗೆ ಅಂದರೆ ಯಾರೂ ನೋಡದೆ ಮುಂದಕ್ಕೆ ತಳ್ಳುವುದಿಲ್ಲ. ಹೀಗೆ ಇರಲಿ:

ಮೊದಲ ದೃಶ್ಯ: ಮರದ ಅಚ್ಚು ಬಿಚ್ಚುವ ಎರಡು ಕೈ. ಗಿಳಿ ಈಚೆಗೆ ಬರುತ್ತದೆ. ಕೊಕ್ಕಿಲ್ಲ.

ಅಪ್ಪ: "ಈ ಗಿಳಿ ಕೊಕ್ಕು ಹಾಳು ಮಾಡಿದ್ದು ನಾನೇ. ಆಗ ನಂಗೆ ಎಂಟೋ ಒಂಬತ್ತೋ ವಯಸ್ಸು. ಒಳಗೆ ಸಕ್ಕರೆ ಸಿಕ್ಕಿಕೊಂಡಿತ್ತು. ತಿನ್ನೋ ಆಸೆಗೆ ಮೊಳೆ ಹಾಕಿ ಕೆದಕಿಬಿಟ್ಟೆ."

ಎರಡನೇ ದೃಶ್ಯ: ಅಚ್ಚಿನ ಒಳಭಾಗ, ಹತ್ತಿರದಿಂದ. ಅಪ್ಪನ ಬೆರಳು ಸೊಟ್ಟ ತೂತನ್ನು ತೋರಿಸುತ್ತದೆ.

ಅಪ್ಪ: "ಆವತ್ತಿಂದ ಕೊಕ್ಕು ಒಳಗೇ ಉಳ್ಕೊಳ್ಳುತ್ತೆ. ನಮ್ಮಮ್ಮ ಅಚ್ಚು ಬಿಸಾಕಲಿಲ್ಲ. ಕೊಕ್ಕಿಲ್ಲದ ಗಿಳಿನೆಲ್ಲ ಬೇರೆ ತಟ್ಟೇಲಿ ಇಡೋರು. 'ಇದು ಮಾರೋದಲ್ಲ, ಇದು ನಮ್ಮ ಬೀದಿದು' ಅನ್ನೋರು."

ಮೂರನೇ ದೃಶ್ಯ: ಗಲ್ಲಾಪೆಟ್ಟಿಗೆ ಪಕ್ಕ ತಟ್ಟೆ ತುಂಬಾ ಕೊಕ್ಕಿಲ್ಲದ ಗಿಳಿಗಳು. ಹಿಂದೆ ಅಂಗಡಿಯ ಹೆಸರು ಕಾಣುತ್ತದೆ.

ಅಪ್ಪ: "ಅಮ್ಮ ಹೋದ ಮೇಲೆ ಈ ವರ್ಷವೇ ಮತ್ತೆ ಎರೆದಿರೋದು. ತಟ್ಟೆ ಇಲ್ಲೇ ಇದೆ. ಸಂಕ್ರಾಂತಿಗೆ ಮಕ್ಕಳನ್ನ ಕರ್ಕೊಂಡು ಬನ್ನಿ."

ಇಷ್ಟೇ. ಮಾತು 60 ಪದದೊಳಗೇ ಇದೆ, ಅಚ್ಚು ಬಿಚ್ಚುವಾಗ ಮಾತಿಲ್ಲದೆ ಬಿಡಲು ಸಮಯ ಉಳಿಯುತ್ತದೆ. "ಶುಭಾಶಯ" ಅನ್ನುವ ಪದ ಎಲ್ಲೂ ಇಲ್ಲ, ನೋಡಿ. ಬೇಕೇ ಬೇಕು ಅಂದರೆ ಕೊನೆಯಲ್ಲಿ ಅಪ್ಪ ತಾವು ಗಿರಾಕಿಗೆ ದಿನಾ ಹೇಳುವ ರೀತಿಯಲ್ಲಿ "ಹಬ್ಬ ಚೆನ್ನಾಗಿ ಮಾಡಿ" ಅನ್ನಲಿ.

"ಪ್ರತಿ ವರ್ಷ ಎರೆಯುತ್ತೇವೆ" ಅಂತ ಹಾಕಲು ಮನಸ್ಸಾಗುತ್ತದೆ, ಹಾಕಬೇಡಿ. ನಿಜ ಅಲ್ಲ. "ಈ ವರ್ಷವೇ ಮತ್ತೆ" ಅನ್ನುವುದರಲ್ಲಿ ಜಾಸ್ತಿ ಇದೆ.

ಹುಬ್ಬಳ್ಳಿ ಕಡೆಯವ

ಚಲೋ ಐತ್ರಿ. ಒಂದು ಸಲಹೆ. ನಮ್ಮ ಕಡೆ ಸಂಕ್ರಾಂತಿಗೆ ಕುಸುರೆಳ್ಳು ಹಂಚುತ್ತೇವೆ. ಸಕ್ಕರೆ ಗೊಂಬೆ, ಸಕ್ಕರೆ ಆರತಿ ಬರುವುದು ದೀಪಾವಳಿ ಆದ ಮೇಲೆ, ಗೌರಿ ಹುಣ್ಣಿಮೆಗೆ. ಮದುವೆ ಗೊತ್ತಾದ ಹುಡುಗಿ ಮನೆಗೆ ಹುಡುಗನ ಕಡೆಯವರು ಸಕ್ಕರೆ ಆರತಿ ಒಯ್ಯುವ ಪದ್ಧತಿಯೂ ಇದೆ. ವಾಟ್ಸಾಪ್‌ನಲ್ಲಿ ವಿಡಿಯೋ ಎಲ್ಲೆಲ್ಲೋ ಹೋಗುತ್ತದೆ. ನಮ್ಮವರು ನೋಡಿದರೆ "ಸಂಕ್ರಾಂತಿಗೆ ಯಾಕೆ ಗೊಂಬೆ?" ಅನ್ನುತ್ತಾರೆ. "ತಿಪಟೂರು" ಅಂತ ಎಲ್ಲಾದರೂ ಕಾಣಲಿ.

ರೇಡಿಯೋ ಮೇಷ್ಟ್ರು

ಒಳ್ಳೆ ಮಾತು. ಮೂರನೇ ದೃಶ್ಯದಲ್ಲಿ ಕಾಣುವ ಬೋರ್ಡಿನಲ್ಲಿ ಊರ ಹೆಸರು ಇರುತ್ತದೆ, ಅದು ಪೂರ್ತಿ ಚೌಕಟ್ಟಿನೊಳಗೆ ಬರುವಂತೆ ನೋಡಿಕೊಳ್ಳಿ.

ಪ್ರಚಾರ ಪ್ರಸನ್ನ

ಒಪ್ಪಿದೆ, ಇದು ಚೆನ್ನಾಗಿದೆ. ಆದರೆ ಎಳ್ಳು ಬೆಲ್ಲದ ಬೆಲೆ? ಅರ್ಧ ಕಿಲೋ ತಗೊಂಡರೆ ಗಿಳಿ ಉಚಿತ ಅಂತ ಹಾಕಿದರೆ ವ್ಯಾಪಾರ ಆಗುತ್ತದೆ ಅಲ್ವಾ? ಅಂಗಡಿಯವರು ವ್ಯಾಪಾರಕ್ಕೇ ತಾನೇ ವಿಡಿಯೋ ಮಾಡುವುದು?

ಮಲೆನಾಡಿನವಳು

ಅಜ್ಜಿ "ಮಾರೋದಲ್ಲ" ಅಂದಿದ್ದರು. ಅರ್ಧ ಕಿಲೋ ಜೊತೆ ಕೊಟ್ಟರೆ ಮಾರಿದ ಹಾಗೇ ಆಯಿತು.

ರೇಡಿಯೋ ಮೇಷ್ಟ್ರು

ನಾನೂ ಅದನ್ನೇ ಹೇಳುತ್ತೇನೆ. ಗಿಳಿಗೆ ಷರತ್ತು ಇಟ್ಟ ಕೂಡಲೇ ಮೊದಲ 40 ಸೆಕೆಂಡು ಸುಳ್ಳಾಗುತ್ತದೆ. ಬೆಲೆಪಟ್ಟಿ ಬೇಕೇ ಬೇಕು, ಅದನ್ನು ಬೇರೆ ಚಿತ್ರವಾಗಿ ಮಾಡಿ, ವಿಡಿಯೋ ಕಳಿಸಿದ ಮಾರನೇ ದಿನ ಕಳಿಸಿ. ಹಬ್ಬದ ದಿನ ಬೆಳಿಗ್ಗೆ ಕಳಿಸಿ ಅಂದಿರಲ್ಲ, ಅಷ್ಟು ಹೊತ್ತಿಗೆ ಎಲ್ಲರೂ ಎಳ್ಳು ಕೊಂಡು ಪೊಟ್ಟಣ ಕಟ್ಟಿ ಮುಗಿಸಿರುತ್ತಾರೆ. ಫೋನಿನ ತುಂಬಾ ಶುಭಾಶಯ ಬಿದ್ದಿರುತ್ತದೆ. ಹಬ್ಬಕ್ಕೆ ಐದಾರು ದಿನ ಮುಂಚೆ, ಸಂಜೆ ಹೊತ್ತು ಕಳಿಸುವುದು ಮೇಲು.

ಪ್ರಚಾರ ಪ್ರಸನ್ನ

ಸಮಯದ ಬಗ್ಗೆ ಸರಿ. ಬೆಲೆ ಬಗ್ಗೆ ನನಗೆ ಇನ್ನೂ ಒಪ್ಪಿಗೆ ಇಲ್ಲ. ಮಾರನೇ ದಿನದ ಚಿತ್ರವನ್ನು ಯಾರೂ ತೆರೆಯುವುದಿಲ್ಲ. ಕೊನೆಯ ಎರಡು ಸೆಕೆಂಡಾದರೂ ಫೋನ್ ನಂಬರ್, ಬೆಲೆ ಹಾಕಬೇಕು.

ಕೊಬ್ಬರಿ ಊರಿನವ

ಬೆಲೆ ವಿಷಯ ಅಪ್ಪನನ್ನೇ ಕೇಳುತ್ತೇನೆ. ಫೋನ್ ನಂಬರ್ ಮಾತ್ರ ಹಾಕುವುದಕ್ಕೆ ನನಗೆ ಅಡ್ಡಿ ಇಲ್ಲ.

ಬೇರೊಂದು ಚಿಂತೆ. ಅಪ್ಪ ಕ್ಯಾಮೆರಾ ಮುಂದೆ ನಿಂತರೆ ಭಾಷಣದ ಹಾಗೆ ಮಾತಾಡುತ್ತಾರೆ. "ಆತ್ಮೀಯ ಗ್ರಾಹಕ ಬಂಧುಗಳೇ" ಅಂತ ಶುರು ಮಾಡುತ್ತಾರೆ. ಮತ್ತೆ ಶೂಟಿಂಗ್ ಹೇಗೆ ಮಾಡುವುದು?

ಮಲೆನಾಡಿನವಳು

ನಾನು ಮದುವೆ ವಿಡಿಯೋ ತೆಗೆಯುತ್ತೇನೆ, ಅದಕ್ಕೇ ಹೇಳುತ್ತೇನೆ. ಬರೆದದ್ದನ್ನು ಅಪ್ಪನ ಕೈಗೆ ಕೊಡಲೇಬೇಡಿ. ನಿಮ್ಮ ಸೋದರತ್ತೆಯನ್ನು ಕರೆಸಿ, ಕ್ಯಾಮೆರಾ ಪಕ್ಕದಲ್ಲಿ ಕೂರಿಸಿ. ಅವರು "ಏನೋ, ಈ ಕೊಕ್ಕು ಯಾರು ಕೆಡಿಸಿದ್ದು?" ಅಂತ ಕೇಳಲಿ. ಅಪ್ಪ ಅಕ್ಕನಿಗೆ ಉತ್ತರ ಕೊಡುತ್ತಾರೆ, ಭಾಷಣ ಬರುವುದಿಲ್ಲ. ಅತ್ತೆಯ ದನಿ ಆಮೇಲೆ ಕತ್ತರಿಸಿ.

ಫ್ಯಾನ್ ಆರಿಸಿ. ಇಯರ್‌ಫೋನಿನ ಮೈಕನ್ನು ಅಂಗಿಯ ಎರಡನೇ ಗುಂಡಿ ಹತ್ತಿರ ಸಿಕ್ಕಿಸಿ, ಅಂಗಡಿ ಮುಂದಿನ ಗಾಡಿ ಸದ್ದು ಅರ್ಧ ಕಡಿಮೆಯಾಗುತ್ತದೆ. ಸಕ್ಕರೆ ಅಚ್ಚು ಬೆಳ್ಳಗೆ ಇರುತ್ತದೆ, ಬಿಳಿ ತಟ್ಟೆಯಲ್ಲಿಟ್ಟು ಎದುರಿನಿಂದ ಬೆಳಕು ಬಿಟ್ಟರೆ ಗಿಳಿ ಯಾವುದು, ಹೂವು ಯಾವುದು ಗೊತ್ತಾಗುವುದಿಲ್ಲ. ಹಿತ್ತಾಳೆ ತಟ್ಟೆ ತಗೊಳ್ಳಿ, ಕಿಟಕಿ ಪಕ್ಕಕ್ಕೆ ಬರುವಂತೆ ಇಡಿ. ಪಕ್ಕದಿಂದ ಬೆಳಕು ಬಿದ್ದಾಗ ರೆಕ್ಕೆಯ ಗೆರೆ ಎದ್ದು ಕಾಣುತ್ತದೆ. ಫೋನಿನಲ್ಲಿ ಗಿಳಿಯ ಮೇಲೆ ಬೆರಳು ಒತ್ತಿ ಹಿಡಿದು ಬೆಳಕನ್ನು ಸ್ವಲ್ಪ ಕೆಳಗೆ ಎಳೆಯಿರಿ. ಹಿನ್ನೆಲೆಗೆ ಸಿನಿಮಾ ಹಾಡು ಬೇಡ. ಯೂಟ್ಯೂಬಿಗೆ ಹಾಕಿದಾಗ ಹಾಡಿನ ಹಕ್ಕಿನ ತಕರಾರು ಬರುತ್ತದೆ. ಅಚ್ಚು ಬಿಚ್ಚುವಾಗ ಬರುವ ಸದ್ದೇ ಸಾಕು.

ಅಚ್ಚಿನ ಮನೆ

ಅಟ್ಟದಲ್ಲಿ ಅಷ್ಟು ವರ್ಷ ಇದ್ದ ಅಚ್ಚನ್ನು ನೇರ ಒಲೆ ಹತ್ತಿರ ತರಬೇಡಿ. ಬೆಚ್ಚಗಿನ ನೀರಲ್ಲಿ ಬ್ರಶ್ ಹಾಕಿ ಉಜ್ಜಿ, ಹುಳು ಹಿಡಿದಿದೆಯಾ ನೋಡಿ. ಆಮೇಲೆ ಇಡೀ ರಾತ್ರಿ ನೆನೆಸಿ. ಎರಡು ಭಾಗ ಬಾಗಿದ್ದರೆ ನೆಂದ ಮೇಲೆ ಸ್ವಲ್ಪ ಸರಿ ಹೋಗುತ್ತೆ, ಸಂದು ಉಳಿದರೆ ಪಾಕ ಪಕ್ಕದಿಂದ ಸೋರುತ್ತೆ. ಮೊದಲು ಎರೆದದ್ದನ್ನು ಯಾರಿಗೂ ಕೊಡಬೇಡಿ, ಮರದ ವಾಸನೆ, ಧೂಳು ಅದರಲ್ಲೇ ಹೋಗುತ್ತೆ. ಕೊಕ್ಕಿನ ತೂತಿನಲ್ಲಿ ಉಳಿದ ಸಕ್ಕರೆಯನ್ನು ಪ್ರತಿ ಸಲ ಬಿಸಿನೀರಲ್ಲಿ ಕರಗಿಸಿ ತೆಗೆಯಿರಿ. ಮೊಳೆ ಹಾಕಬೇಡಿ!

ಒಮ್ಮೆ ಎರೆದದ್ದನ್ನು ಬಿಚ್ಚುವುದು ಒಂದೇ ಸಲ. ಚಿತ್ರ ಸರಿ ಬರದಿದ್ದರೆ ಮತ್ತೆ ಎರೆಯಬೇಕು. ಆ ದಿನ ಪಾಕ ಸ್ವಲ್ಪ ಜಾಸ್ತಿ ಮಾಡಿಟ್ಟುಕೊಳ್ಳಿ.

ಹಾಸನದ ಗಿರಿಜಮ್ಮನ ಸೊಸೆ

ನಂದು ಪ್ಲಾಸ್ಟಿಕ್ ಅಚ್ಚು, ಮರದ್ದಲ್ಲ. ಹೇಳುವುದು ಮರೆತೆ. ಅದಕ್ಕೂ ನೆನೆಸಬೇಕಾ?

ಅಚ್ಚಿನ ಮನೆ

ಪ್ಲಾಸ್ಟಿಕ್ ನೀರು ಕುಡಿಯಲ್ಲ, ಸುಮ್ಮನೆ ಒದ್ದೆ ಮಾಡಿಕೊಂಡರೆ ಸಾಕು. ಹಾಗಾದರೆ ನಿಮ್ಮ ತೊಂದರೆ ಪಾಕದ್ದೇ. ಬೆಳ್ಳಗಾಗುವ ಮುಂಚೆ ಎರೆದಿದ್ದೀರಾ?

ಹಾಸನದ ಗಿರಿಜಮ್ಮನ ಸೊಸೆ

ಬೆಳ್ಳಗಾಗಬೇಕು ಅಂತಲೇ ಗೊತ್ತಿರಲಿಲ್ಲ. ಪಾರದರ್ಶಕವಾಗಿ ಇದ್ದಾಗಲೇ ಎರೆದೆ.

ಕೊಬ್ಬರಿ ಊರಿನವ

ಅಪ್ಪ ಒಪ್ಪಿದರು. ಮೊದಲು "ನನ್ನ ತಪ್ಪು ಊರಿಗೆಲ್ಲಾ ಯಾಕೆ ಹೇಳಬೇಕು?" ಅಂದರು. ಅತ್ತೆ ಫೋನಿನಲ್ಲಿ ಬೈದ ಮೇಲೆ ಸರಿ ಅಂದರು. ಭಾನುವಾರ ಅತ್ತೆ ಅರಸೀಕೆರೆಯಿಂದ ರೈಲಿಗೆ ಬರುತ್ತಾರೆ. ಶನಿವಾರ ರಾತ್ರಿ ಅಚ್ಚು ನೆನೆಸುತ್ತೇವೆ.

ಬೆಲೆ ವಿಡಿಯೋದಲ್ಲಿ ಬೇಡ ಅಂತ ಅಪ್ಪ ಹೇಳಿದರು. ಆದರೆ ಒಂದು ಪ್ರಶ್ನೆ ಅವರೂ ಕೇಳಿದರು, ನನಗೂ ಉತ್ತರ ಗೊತ್ತಿಲ್ಲ. ಆಗ ಬೀದಿಯಲ್ಲಿ ಹತ್ತು ಹದಿನೈದು ಮಕ್ಕಳು. ಈಗ ವಿಡಿಯೋ ನೋಡಿ ಇನ್ನೂರು ಮಕ್ಕಳು ಬಂದರೆ? ಒಂದೇ ಅಚ್ಚು, ಒಂದು ಸಲಕ್ಕೆ ಒಂದೇ ಗಿಳಿ. ಬಿಚ್ಚಿ, ತೊಳೆದು, ಮತ್ತೆ ಎರೆಯಲು ಸಮಯ ಬೇಕು. ತಟ್ಟೆ ಖಾಲಿ ಇದ್ದಾಗ ಮಗು ಬಂದರೆ ಏನು ಮಾಡುವುದು?

ಅಚ್ಚಿನ ಮನೆ

ಈಗಿನಿಂದಲೇ ದಿನಾ ಇಷ್ಟಿಷ್ಟು ಎರೆದು ಡಬ್ಬಿಗೆ ಹಾಕಿ. ಗಾಳಿಯಾಡದಂತೆ ಮುಚ್ಚಿಟ್ಟರೆ ಸಕ್ಕರೆ ಅಚ್ಚು ಕೆಡಲ್ಲ. ತೇವ ತಾಗಬಾರದು ಅಷ್ಟೇ.

ಮಲೆನಾಡಿನವಳು

ಖಾಲಿಯಾದರೆ ಬೇರೆ ಅಚ್ಚಿನದು ಕೊಡಿ. ಮಗು ಸಿಹಿ ಸಿಕ್ಕಿದರೆ ಸುಮ್ಮನಾಗುತ್ತೆ.

ರೇಡಿಯೋ ಮೇಷ್ಟ್ರು

ಕೊಕ್ಕಿರುವ ಗಿಳಿ ಕೊಟ್ಟರೆ ಈ ವಿಡಿಯೋ ನೋಡಿ ಬಂದ ಮಗು ತಗೊಳ್ಳುವುದಿಲ್ಲ, ನೋಡುತ್ತಿರಿ. ಕೊನೆ ಸಾಲನ್ನು "ತಟ್ಟೆ ಇಲ್ಲೇ ಇದೆ, ಇರೋವರೆಗೂ ಕೊಡ್ತೀವಿ" ಅಂತ ಬದಲಾಯಿಸಿ. ಎಷ್ಟು ಎರೆಯಲು ಆಗುತ್ತದೆ ಅನ್ನುವುದನ್ನು ಭಾನುವಾರವೇ ಗಡಿಯಾರ ಇಟ್ಟು ನೋಡಿಕೊಳ್ಳಿ, ಆಮೇಲೆ ಎಷ್ಟು ಜನರಿಗೆ ವಿಡಿಯೋ ಕಳಿಸಬೇಕು ಅಂತ ತೀರ್ಮಾನ ಮಾಡಿ. ಮೊದಲು ನಿಮ್ಮ ಬೀದಿ, ಹಳೇ ಗಿರಾಕಿಗಳು. ಊರಿಗೆಲ್ಲಾ ಹಂಚುವುದು ಆಮೇಲೆ.

ಪ್ರಚಾರ ಪ್ರಸನ್ನ

ಕಡಿಮೆ ಜನರಿಗೆ ಕಳಿಸಿ ಅನ್ನುವ ಜಾಹೀರಾತು ಸಲಹೆ ಇದೇ ಮೊದಲು ಕೇಳಿದ್ದು. ನನಗೆ ಒಪ್ಪಿಗೆ ಇಲ್ಲ, ಆದರೆ ವಿಡಿಯೋ ಆದ ಮೇಲೆ ಇಲ್ಲಿ ಹಾಕಿ. ಪರದೆ ಮೇಲಿನ ಅಕ್ಷರ ನಾನು ಕೂರಿಸಿ ಕೊಡುತ್ತೇನೆ. ಒಂದು ಸಲಕ್ಕೆ ಎರಡು ಸಾಲಿಗಿಂತ ಜಾಸ್ತಿ ಬರಬಾರದು, ಗಿಳಿಯ ಮೇಲೆ ಬರಬಾರದು.

ಕೊಬ್ಬರಿ ಊರಿನವ

ಖಂಡಿತ ಪ್ರಸನ್ನ ಅವರೇ. ಭಾನುವಾರ ರಾತ್ರಿ ಕಳಿಸುತ್ತೇನೆ.